ಗುಳೆ ಹೋದವರ ಮಾತು, ಕೇಳುವವನ ಪ್ರಶ್ನೆ

ಸಾಕ್ಷ್ಯಚಿತ್ರವೊಂದರಲ್ಲಿ ಕೂಲಿಕಾರನು ಕ್ಯಾಮರಾದ ಮುಂದೆ ಕುಳಿತು ತನ್ನ ಬದುಕನ್ನು ಹೇಳಿಕೊಂಡಾಗ ನಾವು ಅದನ್ನು ಅವನ ಸ್ವಂತ ಮಾತೆಂದೇ ಸ್ವೀಕರಿಸುತ್ತೇವೆ. ಆದರೆ ಆ ಮಾತು ಒಂದು ಪ್ರಶ್ನೆಗೆ ಬಂದ ಉತ್ತರ. ಅನೇಕ ಚಿತ್ರಗಳಲ್ಲಿ ಸಂಕಲನಕಾರನು ಪ್ರಶ್ನೆಯನ್ನು ತೆಗೆದುಹಾಕಿ ಉತ್ತರವನ್ನಷ್ಟೇ ಉಳಿಸುತ್ತಾನೆ. ಹೀಗಾಗಿ ಪ್ರಶ್ನೆಯಲ್ಲಿ ದೋಷವಿದ್ದರೂ ಪ್ರೇಕ್ಷಕನಿಗೆ ಅದು ಕಾಣಿಸದು. ಪ್ರಶ್ನಾವಳಿಯೂ ವಿಮರ್ಶೆಗೆ ಒಳಪಡಬೇಕಾದ ಬರಹವೆಂದು ನಾವು ಭಾವಿಸುವುದು ಈ ಕಾರಣದಿಂದಲೇ.

ಬಯಸಿದ ಉತ್ತರವನ್ನು ತಾನೇ ಸೂಚಿಸಿಬಿಡುವ ಪ್ರಶ್ನೆಯನ್ನು ನ್ಯಾಯಶಾಸ್ತ್ರದಲ್ಲಿ ಸೂಚಕ ಪ್ರಶ್ನೆ ಎನ್ನುತ್ತಾರೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 141ನೆಯ ಪ್ರಕರಣವು ಅದನ್ನು ಹೀಗೆಯೇ ನಿರೂಪಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ನಿರೂಪಣೆಯನ್ನು ಉಳಿಸಿಕೊಂಡಿದೆ. ನ್ಯಾಯಾಲಯದಲ್ಲಿ ವಕೀಲನು ತನ್ನ ಸಾಕ್ಷಿಗೆ ಇಂಥ ಪ್ರಶ್ನೆ ಹಾಕಿದರೆ ಎದುರು ಪಕ್ಷದ ವಕೀಲನು ಕೂಡಲೇ ಆಕ್ಷೇಪಿಸಬಲ್ಲನು. ಚಿತ್ರೀಕರಣದ ಸ್ಥಳದಲ್ಲಿ ಆಕ್ಷೇಪಿಸುವವರು ಯಾರೂ ಇಲ್ಲ. ಆದುದರಿಂದ ಎದುರು ಪಕ್ಷದ ವಕೀಲನ ಕೆಲಸವನ್ನು ಪ್ರಶ್ನೆ ಬರೆಯುವವನೇ ಮುಂಚಿತವಾಗಿ ಮಾಡಿ ಮುಗಿಸಬೇಕಾಗುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಂಡು ನೋಡೋಣ. ರಾಯಚೂರು, ಯಾದಗಿರಿ ಜಿಲ್ಲೆಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಮೇಲೆ ಚಿತ್ರ ತಯಾರಾಗುತ್ತಿದೆ. ಪ್ರಶ್ನಾವಳಿಯ ಮೊದಲನೆಯ ಪ್ರಶ್ನೆ ಇದು: “ಮಳೆಯಿಲ್ಲದೆ ಬೆಳೆ ಹೋದದ್ದರಿಂದಲೇ ನೀವು ಊರು ಬಿಡಬೇಕಾಯಿತು, ಅಲ್ಲವೇ?”

ಮೇಲುನೋಟಕ್ಕೆ ಇದು ಸಹಾನುಭೂತಿಯ ಪ್ರಶ್ನೆ. ಆದರೆ ಇದರ ವ್ಯಾಕರಣವನ್ನು ಬಿಡಿಸಿದರೆ ಕೇಳುವವನು ಕಥೆಯನ್ನು ಆಗಲೇ ಬರೆದು ಮುಗಿಸಿದ್ದಾನೆಂಬುದು ತಿಳಿಯುತ್ತದೆ. “ಬೆಳೆ ಹೋದದ್ದು” ಎಂಬ ಕೃದಂತವು ಬೆಳೆ ಹೋಯಿತೆಂಬುದನ್ನು ವಾದಕ್ಕೆ ಎಡೆಯಿಲ್ಲದ ಸಂಗತಿಯನ್ನಾಗಿ ಮಾಡುತ್ತದೆ. “ಇಂದಲೇ” ಎಂಬಲ್ಲಿನ ಅವಧಾರಣೆಯು ಉಳಿದ ಕಾರಣಗಳನ್ನೆಲ್ಲ ಹೊರಗಿಡುತ್ತದೆ. “ಬಿಡಬೇಕಾಯಿತು” ಎಂಬ ಕ್ರಿಯಾರೂಪವು ಅವರು ತಾವಾಗಿ ಹೊರಟಿರಬಹುದೆಂಬ ಸಾಧ್ಯತೆಯನ್ನು ಅಳಿಸುತ್ತದೆ. ಕೊನೆಯ “ಅಲ್ಲವೇ” ಒಪ್ಪಿಗೆಯನ್ನು ಬೇಡುತ್ತದೆ. ಇಲ್ಲವೆನ್ನುವುದು ಮರ್ಯಾದೆಗೇಡೆನಿಸುವಂತೆ ಮಾಡುತ್ತದೆ. ಎದುರಿಗೆ ಕುಳಿತವರಿಗೆ “ಹೌದ್ರಿ” ಎನ್ನುವುದೊಂದೇ ದಾರಿ ಉಳಿಯುತ್ತದೆ.

ಇದಕ್ಕಿಂತ ಹೆಚ್ಚಿನ ಅನರ್ಥ ಮುಂದಿದೆ. “ಹೌದ್ರಿ” ಎಂಬ ಒಂದು ಮಾತು ಚಿತ್ರದಲ್ಲಿ ತಾನಾಗಿ ನಿಲ್ಲಲಾರದು. ಆಗ ನಿರ್ದೇಶಕನು “ಪೂರ್ತಿ ವಾಕ್ಯದಲ್ಲಿ ಹೇಳಿ” ಎಂದು ಕೋರುತ್ತಾನೆ. ಕೂಲಿಕಾರನು ಪ್ರಶ್ನೆಯ ಮಾತುಗಳನ್ನೇ ಎತ್ತಿಕೊಂಡು “ಮಳೆಯಿಲ್ಲದೆ ಬೆಳೆ ಹೋಗಿ ಊರು ಬಿಡಬೇಕಾಯಿತು” ಎನ್ನುತ್ತಾನೆ. ಪ್ರಶ್ನೆ ಕತ್ತರಿಗೆ ಹೋಗುತ್ತದೆ, ಉತ್ತರ ಉಳಿಯುತ್ತದೆ. ಪ್ರೇಕ್ಷಕನು ಕೇಳುವುದು ನಿರ್ದೇಶಕನ ವಾಕ್ಯವನ್ನು. ಕಾಣುವುದು ಕೂಲಿಕಾರನ ಮುಖವನ್ನು.

ಪ್ರಶ್ನೆಯ ಪದವು ಉತ್ತರವನ್ನು ಮಾತ್ರವಲ್ಲ, ನೆನಪನ್ನೂ ತಿದ್ದಬಲ್ಲದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಕಾರುಗಳ ಅಪಘಾತದ ಚಲನಚಿತ್ರವನ್ನು ತೋರಿಸಿದರು. ಒಂದು ಗುಂಪಿಗೆ ಕಾರುಗಳು ಒಂದಕ್ಕೊಂದು “ತಾಗಿದಾಗ” ವೇಗವೆಷ್ಟಿತ್ತೆಂದೂ ಇನ್ನೊಂದು ಗುಂಪಿಗೆ ಅವು “ಅಪ್ಪಳಿಸಿದಾಗ” ವೇಗವೆಷ್ಟಿತ್ತೆಂದೂ ಕೇಳಿದರು. ಒಂದು ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ಎಲ್ಲರನ್ನೂ ಕೇಳಲಾಯಿತು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯ ಗುಂಪಿನ 50 ಜನರಲ್ಲಿ 16 ಮಂದಿ ಕಂಡೆವೆಂದರು. ಒಂದು ಕ್ರಿಯಾಪದ ಇಷ್ಟು ಮಾಡುವುದಾದರೆ, ಮೇಲಿನ ಪ್ರಶ್ನೆಯಲ್ಲಿ ಒಟ್ಟುಗೂಡಿದ ನಾಲ್ಕು ಒತ್ತಡಗಳು ಏನು ಮಾಡಲಾರವು?

ಈಗ ಆ ಪ್ರಶ್ನೆಯನ್ನು ತಿದ್ದೋಣ. “ನೀವೇಕೆ ಊರು ಬಿಟ್ಟಿರಿ?” ಎಂದರೆ ಸಾಲದು. “ಏಕೆ” ಎಂಬುದು ಕೇಳುವವರ ಕಿವಿಗೆ ತಪ್ಪು ಹೊರಿಸುವ ಮಾತಿನಂತೆ ಬೀಳುತ್ತದೆ. ಉತ್ತರಿಸುವವರು ಸಮರ್ಥನೆಗೆ ತೊಡಗುತ್ತಾರೆ, ಇಲ್ಲವೇ ಎಲ್ಲರೂ ಒಪ್ಪುವ ಸಿದ್ಧ ಕಾರಣವೊಂದನ್ನು ಕೊಡುತ್ತಾರೆ. “ನಿಮ್ಮ ಕಥೆ ಹೇಳಿ” ಎಂದರೂ ಆಗದು. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಅವರು ಸುಮ್ಮನಾಗುತ್ತಾರೆ. ಪ್ರಶ್ನೆಗೆ ಒಂದು ಆದಿ, ಒಂದು ಅಂತ್ಯ ಇರಬೇಕು. ನಡುವಣ ಅವಕಾಶ ಮಾತ್ರ ತೆರೆದಿರಬೇಕು. “ಊರಿಂದ ಹೊರಟ ದಿನ ಬೆಳಿಗ್ಗೆ ಎದ್ದಾಗಿನಿಂದ ಬೆಂಗಳೂರಲ್ಲಿ ಇಳಿಯುವ ತನಕ ಏನೇನಾಯಿತು, ಹೇಳಿ” ಎಂಬುದು ಅಂಥ ಪ್ರಶ್ನೆ. ಇದರಲ್ಲಿ ಕಾರಣದ ಮಾತಿಲ್ಲ, ದುಃಖದ ಮಾತಿಲ್ಲ, “ವಲಸೆ ಕಾರ್ಮಿಕ” ಎಂಬ ಕಡತದ ಹೆಸರೂ ಇಲ್ಲ.

ಇದಕ್ಕೆ ಬರಬಹುದಾದ ಉತ್ತರ: “ಹೊಲ ಮೊದಲೇ ಲಾವಣಿಗೆ ಕೊಟ್ಟಿದ್ವಿರಿ. ಮಗಳ ಲಗ್ನಕ್ಕ ಮೇಸ್ತ್ರಿ ಕಡೆ ಮುಂಗಡ ಇಸ್ಕೊಂಡಿದ್ವಿ. ಅವ ಬಂದು ಹೊಂಡ್ರಿ ಅಂದ, ಹೊಂಟ್ವಿ.” ಮಳೆಯ ಸುದ್ದಿಯೇ ಇಲ್ಲದ ಈ ಉತ್ತರದಲ್ಲಿ ಹೊಲ, ಲಗ್ನ, ಮುಂಗಡ, ಮೇಸ್ತ್ರಿ ಎಲ್ಲವೂ ಬಂದಿವೆ. ಇಲ್ಲಿಂದ ಮುಂದಿನ ಪ್ರಶ್ನೆಗಳಿಗೆ ಒಂದೇ ನಿಯಮ: ಅವರು ಆಡಿದ ಪದವನ್ನಲ್ಲದೆ ಬೇರೆ ಪದವನ್ನು ತರಬಾರದು. “ಮುಂಗಡ ಅಂದಿರಿ, ಅದನ್ನು ಇಸಿದುಕೊಂಡದ್ದು ಹೇಗೆ?” ಎನ್ನಬಹುದು. “ಮೇಸ್ತ್ರಿ ಶೋಷಣೆ ಮಾಡಿದನೇ?” ಎನ್ನಲಾಗದು. ಶೋಷಣೆ ನಡೆದಿದ್ದರೆ ಅದು ಲೆಕ್ಕ ತೀರಿದ ಬಗೆಯಲ್ಲಿ, ವಾರದ ಖರ್ಚಿಗೆ ಕೈಗೆ ಬಂದ ದುಡ್ಡಿನಲ್ಲಿ ತಾನಾಗಿ ಹೊರಬೀಳುತ್ತದೆ. ಆ ಹೆಸರಿಗಿಂತ ಈ ವಿವರಕ್ಕೆ ಪ್ರಾಮಾಣ್ಯ ಹೆಚ್ಚು.

ಭಾವನೆಯ ಪ್ರಶ್ನೆಗಳಿಗೂ ಇದೇ ನಿಯಮ ಸಲ್ಲುತ್ತದೆ. 2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಗಿ ಕೆಲಸ ನಿಂತ ದಿನಗಳನ್ನು ಕುರಿತು “ಆಗ ನಿಮಗೆ ಎಷ್ಟು ಭಯವಾಯಿತು?” ಎಂದು ಕೇಳಿದರೆ ಭಯವಾದುದನ್ನು ಮೊದಲೇ ನಿಶ್ಚಯಿಸಿ ಅದರ ಪ್ರಮಾಣವನ್ನಷ್ಟೇ ಕೇಳಿದಂತೆ. “ಕೆಲಸ ನಿಂತಿತೆಂದು ತಿಳಿದಾಗ ಎಲ್ಲಿದ್ದಿರಿ? ಆ ರಾತ್ರಿ ಏನು ಮಾಡಿದಿರಿ?” ಎಂದರೆ ಭಯವೋ, ಸಿಟ್ಟೋ, ಊರಿಗೆ ಹೋಗುವೆವೆಂಬ ಸಮಾಧಾನವೋ, ಯಾವುದಿತ್ತೋ ಅದು ಬರುತ್ತದೆ.

ಈ ಕ್ರಮಕ್ಕೆ ಮಿತಿಗಳುಂಟು. ಕೂಲಿಯ ದರ, ಕೆಲಸದ ಗಂಟೆ, ಉಳಿದ ಬಾಕಿ ಇವು ಕಥನದಿಂದ ನಿಖರವಾಗಿ ದೊರೆಯವು; ನೇರವಾಗಿ ಕೇಳಲೇಬೇಕು. ಆದರೆ ಕಥೆ ಮುಗಿದ ಮೇಲೆ ಕೇಳಬೇಕು. ಮೊದಲೇ ಅಂಕಿಗಳನ್ನು ಕೇಳಿದರೆ ಮಾತುಕತೆ ಜನಗಣತಿಯ ಸ್ವರೂಪ ತಾಳುತ್ತದೆ. ಮುಂದೆ ಎಲ್ಲ ಪ್ರಶ್ನೆಗಳಿಗೂ ಒಂದೊಂದೇ ಪದದ ಉತ್ತರ ಬರುತ್ತದೆ. ಅಲ್ಲದೆ ಮೇಸ್ತ್ರಿಯು ಹತ್ತಿರದಲ್ಲಿ ನಿಂತಿದ್ದರೆ ಎಷ್ಟೇ ನಿರ್ದುಷ್ಟವಾದ ಪ್ರಶ್ನೆಯೂ ನಿಷ್ಫಲ. ಅಲ್ಲಿ ಸೂಚಕವಾಗಿರುವುದು ಪ್ರಶ್ನೆಯಲ್ಲ, ಅವನ ಇರವು.

ಮುಗಿದ ಸಂದರ್ಶನವನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಅದರ ಬರಹರೂಪವನ್ನು ಮುಂದಿಟ್ಟುಕೊಂಡು, ಚಿತ್ರವು ನೆಚ್ಚಿರುವ ಮುಖ್ಯ ಪದಗಳನ್ನು ಗುರುತು ಮಾಡಬೇಕು. ಪ್ರತಿಯೊಂದು ಪದವನ್ನೂ ಮೊದಲು ಆಡಿದವರು ಯಾರೆಂದು ಹಿಂದಕ್ಕೆ ಹೋಗಿ ಹುಡುಕಬೇಕು. ಮೊದಲು ಆಡಿದವನು ಕೇಳಿದವನೇ ಆಗಿದ್ದರೆ ಆ ಭಾಗವನ್ನು ಕೂಲಿಕಾರನ ಸಾಕ್ಷ್ಯವೆಂದು ಬಳಸಲಾಗದು. ಒಂದೋ ಅದನ್ನು ಬಿಡಬೇಕು, ಇಲ್ಲವೇ ಪ್ರಶ್ನೆಯ ಧ್ವನಿಯನ್ನೂ ಚಿತ್ರದಲ್ಲಿ ಉಳಿಸಿ, ಮಾತು ಯಾರಿಂದ ಹೊರಟಿತೆಂಬುದನ್ನು ಪ್ರೇಕ್ಷಕನಿಗೆ ಕೇಳಿಸಬೇಕು.