ಮಾಸ್ತರ್ರ ಮಧ್ಯಮ

ಅಪ್ಪ ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದ. ಶ್ರಾವಣದ ಭಜನೆಯಲ್ಲಿ, ಮದುವೆಮನೆಯಲ್ಲಿ, ಮಠದ ಪುರಾಣದಲ್ಲಿ ಎಲ್ಲೇ ಹಾಡಲಿ, ಕಡೆಗೆ ಯಾರಾದರೂ ಒಬ್ಬರು ಅಕ್ಕಮಹಾದೇವಿಯ ಒಂದು ವಚನ ಹಾಡೆಂದು ಕೇಳುತ್ತಿದ್ದರು. ಅದರ ಎರಡನೆಯ ಸಾಲಿನ ಕೊನೆಗೆ ಬರುವ ಮಧ್ಯಮಕ್ಕಾಗಿ ಕಾಯುತ್ತಿದ್ದರು ಎಂದರೂ ಸರಿಯೇ.

ರಾಗ ಭೀಮಪಲಾಸ. ಏರುವಾಗ ರಿಷಭ ಧೈವತಗಳನ್ನು ಬಿಟ್ಟು ಏರುವ, ಮಧ್ಯಮವೇ ವಾದಿಯಾಗಿರುವ, ಮಧ್ಯಾಹ್ನ ಇಳಿದ ಮೇಲೆ ಹಾಡುವ ರಾಗ. ಅಲ್ಲಿ ಮಧ್ಯಮದ ಮೇಲೆ ನಿಲ್ಲುವುದು ಹೊಸತೇನಲ್ಲ, ಯಾರಾದರೂ ನಿಲ್ಲುತ್ತಾರೆ. ಆದರೆ ಅಪ್ಪ ಪಂಚಮದಿಂದ ಮೆಲ್ಲಗೆ ಜಾರಿ ಬಂದು, ಅಲುಗಾಡದೆ, ಮಾತಿನ ಅರ್ಥ ಮುಗಿದ ಮೇಲೂ ಅಲ್ಲೇ ಇರುತ್ತಿದ್ದ. ಇನ್ನೇನು ಗಾಂಧಾರ, ರಿಷಭ ಹಿಡಿದು ಷಡ್ಜಕ್ಕೆ ಇಳಿಯುತ್ತಾನೆ ಎಂದು ಕೇಳುವವರ ಕೊರಳು ತಾವೇ ಬಾಗುವ ಹೊತ್ತಿಗೆ, ಇಳಿಯದೆ, ಅಲ್ಲಿಂದಲೇ ಮುಂದಿನ ಸಾಲು ಎತ್ತುತ್ತಿದ್ದ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹಾಡುವವನೇ ತೀರ್ಮಾನಿಸಬೇಕು. ಅಪ್ಪನ ತೀರ್ಮಾನ ವಿಚಿತ್ರವಾಗಿತ್ತು, ಚಂದವಾಗಿಯೂ ಇತ್ತು. ಊರವರು ಅದಕ್ಕೆ ‘ಮಾಸ್ತರ್ರ ಮಧ್ಯಮ’ ಎನ್ನುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲವೂ ಮನೆಯಲ್ಲೇ ತುಂಬಿಸಿದವು. ಕಾಕಾ ಮಸ್ಕತ್‌ನಿಂದ ತಂದುಕೊಟ್ಟ ಒಂದೇ ಸ್ಪೀಕರಿನ ಟೇಪ್ ರೆಕಾರ್ಡರು, ಅದರೊಳಗೇ ಇರುವ ಮೈಕು. ಆ ಯಂತ್ರ ಎಂದೋ ಕೆಟ್ಟಿತ್ತು. ಹಳೆಯ ಡೆಕ್ ಒಂದನ್ನು ಹುಡುಕಿ, ಬೆಲ್ಟು ಬದಲಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೂತೆ.

ಮೊದಲ ಕ್ಯಾಸೆಟ್ಟಿನಲ್ಲಿ ಅಪ್ಪ ಕಂಬಳಿ ಹೊದ್ದು ಹಾಡಿದಂತೆ ಕೇಳಿಸಿತು. ಟೇಪು ಹಾಳಾಗಿರಲಿಲ್ಲ. ಮನೆಯ ರೆಕಾರ್ಡರಿನ ಹೆಡ್ಡು ಒಂದು ಕೂದಲೆಳೆ ಓರೆಯಾಗಿ ಕೂತಿತ್ತು; ಓರೆಯಾಗಿ ಬರೆದದ್ದನ್ನು ನೆಟ್ಟಗಿನ ಹೆಡ್ಡು ಓದಿದರೆ ಮೇಲಿನ ದನಿಗಳೆಲ್ಲ ಸತ್ತುಹೋಗುತ್ತವೆ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಎಡ, ಬಲ ಎರಡೂ ಚಾನೆಲ್ಲುಗಳನ್ನು ಒಂದಾಗಿಸಿ ಕೇಳುತ್ತ, ಆ ಸ್ಕ್ರೂವನ್ನು ಅಳತೆಗೂ ಸಿಗದಷ್ಟು ತಿರುಗಿಸಬೇಕು. ಅಪ್ಪನ ‘ಸ’ಕಾರ ಎಲ್ಲಿ ಹರಿತವಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಆ ಜಾಗ ಸಿಕ್ಕಾಗ ಅಪ್ಪ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಹಾಡಿಗಿಂತ ಮೊದಲು ಬರುವ ಆ ಉಸಿರನ್ನು ನಾನು ಮರೆತೇ ಬಿಟ್ಟಿದ್ದೆ. ಹಲ್ಲಿನ ಸಂದಿಯಿಂದ ಎಳೆದುಕೊಳ್ಳುತ್ತಿದ್ದ, ಬಿಸಿ ಚಹಾ ಕುಡಿಯುವವರ ಹಾಗೆ.

ಇಂಥ ಮನೆ ರೆಕಾರ್ಡಿಂಗಿನಲ್ಲಿ ನನಗೆ ಅತಿ ಹೆಚ್ಚು ರುಚಿಸಿದ್ದು ಅದರ ಒಂದು ದೋಷ. ಅಗ್ಗದ ರೆಕಾರ್ಡರುಗಳಲ್ಲಿ ದನಿ ಹೆಚ್ಚುಕಡಿಮೆ ಮಾಡುವ ಗುಂಡಿ ಇರುತ್ತಿರಲಿಲ್ಲ, ಆ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು. ಜೋರಾಗಿ ಹಾಡಿದರೆ ಅದುಮುತ್ತಿತ್ತು, ಹಾಡು ನಿಂತರೆ ಕಿವಿ ಹಿಗ್ಗಿಸುತ್ತಿತ್ತು. ಹಾಗಾಗಿ ಅಪ್ಪ ಸಾಲು ಮುಗಿಸಿ ಸುಮ್ಮನಾದಾಗಲೆಲ್ಲ ಮನೆ ಮೇಲೆದ್ದು ಬರುತ್ತದೆ. ಮೊದಲು ಟೇಪಿನ ‘ಸ್ಸ್’ ಎಂಬ ಸದ್ದು, ಅದರ ಹಿಂದೆ ಹಂಚಿನ ಮೇಲಿನ ಗುಬ್ಬಿ, ಬಚ್ಚಲದಲ್ಲಿ ಬಿಂದಿಗೆ, ಹಿತ್ತಲಲ್ಲಿ ಎಮ್ಮೆ, ಒಮ್ಮೆ ನಾಲ್ಕೂವರೆಯ ಬಸ್ಸಿನ ಹಾರ್ನು. ಅಪ್ಪ ಮತ್ತೆ ದನಿ ತೆಗೆದ ಕೂಡಲೇ ಎಲ್ಲವೂ ಕೆಳಗೆ ಮುಳುಗುತ್ತವೆ. ಸ್ಟುಡಿಯೋದಲ್ಲಿ ತುಂಬಿಸಿದ ಯಾವ ಹಾಡಿನಲ್ಲೂ ಈ ಸುಖ ಸಿಗದು. ಗೆಳೆಯನೊಬ್ಬ ಗದ್ದಲ ತೆಗೆಯುವ ಸಾಫ್ಟ್‌ವೇರ್ ಹಾಕೆಂದ. ಅದು ಮೊದಲು ಅಳಿಸುವುದೇ ಈ ಮನೆಯನ್ನು. ಮೂಲ ಪ್ರತಿಗೆ ನಾನು ಅದನ್ನು ಮುಟ್ಟಿಸಲಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಅರ್ಧ ತಾಸಿನ ಒಂದು ಬದಿಗೆ 500 ಎಂಬಿ ಚಿಲ್ಲರೆ. ಹಾಡು ಮುಗಿದರೂ ಟೇಪು ತಾನಾಗಿ ನಿಲ್ಲುವವರೆಗೆ ಓಡಿಸುವುದು, ನಿಂತ ಮೇಲೆಯೇ ಎತ್ತುವುದು.

ಆ ವಚನದ ಕ್ಯಾಸೆಟ್ಟು 60 ನಿಮಿಷದ್ದು. ಕಾಗದದ ಮೇಲೆ ಅಪ್ಪನ ಗುಂಡು ಅಕ್ಷರದಲ್ಲಿ 1988 ಎಂದಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಬೆರಳುಗುರಿನಷ್ಟು ಬಟ್ಟೆಯ ಚೂರು ಅಂಟು ಒಣಗಿ ಬಿದ್ದುಹೋಗಿತ್ತು. ಅದಿಲ್ಲದಿದ್ದರೆ ದನಿ ಬರುತ್ತ ಹೋಗುತ್ತ ತೇಲುತ್ತದೆ. ಐದು ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನು ಹುಷಾರಾಗಿ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಸಾಗಿಸಿದೆ. ಬಿಗಿ ಬಿಡಲೆಂದು ಒಮ್ಮೆ ಮುಂದಕ್ಕೂ ಹಿಂದಕ್ಕೂ ಓಡಿಸಿ, ಹಚ್ಚಿದೆ.

ಎರಡನೆಯ ಸಾಲಿನ ತುದಿ ಬಂತು. ಅದಕ್ಕೆ ಮೊದಲಿನ ಬಿಡುವಿನಲ್ಲಿ, ಮನೆ ಮೇಲೇಳುವ ಆ ಹೊತ್ತಿನಲ್ಲಿ, ಬಹಳ ದೂರದಿಂದ ಅದೇ ಮಧ್ಯಮ ಕೇಳಿಸಿತು. ಆಮೇಲೆ ಅಪ್ಪ ಅದನ್ನೇ ಹಾಡಿದ.

ಕ್ಯಾಸೆಟ್ಟುಗಳಲ್ಲಿ ಹೀಗಾಗುವುದುಂಟು. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತದ ಗುರುತು ಪಕ್ಕದ ಸುತ್ತಿಗೂ ತಾಕಿ, ಜೋರಾದ ಸ್ವರವೊಂದರ ನೆರಳು ಆ ಸ್ವರಕ್ಕಿಂತ ಮೊದಲೇ ಸಣ್ಣಗೆ ಕೇಳಿಬರುತ್ತದೆ. ಇಂಜಿನಿಯರುಗಳು ಇದನ್ನು ಪ್ರಿಂಟ್-ಥ್ರೂ ಎನ್ನುತ್ತಾರೆ. ಆದರೆ ನೆರಳಿಗೆ ಒಂದು ಲೆಕ್ಕವಿದೆ. ಅದು ಸರಿಯಾಗಿ ಸುರುಳಿಯ ಒಂದು ಸುತ್ತಿನಷ್ಟು ಮೊದಲೇ ಬರಬೇಕು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಸರಿಯುತ್ತದೆ. ತೆಳು ಸುರುಳಿಯಾದರೆ ಒಂದೂವರೆ ಸೆಕೆಂಡು, ತುಂಬಿದ ಸುರುಳಿಯಾದರೆ ಮೂರು ಸೆಕೆಂಡಿನ ಮೇಲೆ ಸ್ವಲ್ಪ. ಒಂದು ಹಾಡಿನೊಳಗೆ ಈ ಅಂತರ ಹೆಚ್ಚು ಬದಲಾಗುವಂತಿಲ್ಲ. ಇಲ್ಲಿ ಒಮ್ಮೆ ಒಂದು ಸೆಕೆಂಡು, ಇನ್ನೊಮ್ಮೆ ನಾಲ್ಕು. ನೆರಳಾದರೆ ಮೂಲದ ದನಿಯೇ ಇರಬೇಕು, ಇಲ್ಲಿ ದನಿ ಒಂದು ಸಪ್ತಕ ಮೇಲಿತ್ತು. ಮಾತೂ ಇರಲಿಲ್ಲ, ಬರೀ ಗುನುಗು. ಒಳಗೆ ಅಡಿಗಿಮನೆಯಲ್ಲಿ ಅವ್ವ ಗುನುಗುತ್ತಿದ್ದಳು. ಅಪ್ಪನ ಹಿಂದೆ ಅಲ್ಲ, ಮುಂದೆ.

ಎರಡನೆಯ ಬದಿಯಲ್ಲಿ ಹಾಡು ಎರಡೇ. ಹನ್ನೊಂದನೆಯ ನಿಮಿಷಕ್ಕೆ ಗುಂಡಿ ಒತ್ತಿದ ಸದ್ದು, ಆಮೇಲೆ ಖಾಲಿ. ಈ ಕ್ಯಾಸೆಟ್ಟನ್ನು ನಾವು ಮನೆಯಲ್ಲಿ ಎಷ್ಟು ಸಲ ಹಚ್ಚಿದ್ದೆವೋ ಲೆಕ್ಕವಿಲ್ಲ. ಆ ಸದ್ದು ಕೇಳಿದ ಕೂಡಲೇ ಯಾರಾದರೂ ಎದ್ದು ಹಿಂದಕ್ಕೆ ಸುತ್ತುತ್ತಿದ್ದರು. ನಾನು ಓಡಲು ಬಿಟ್ಟು ಬೇರೆ ಕೆಲಸಕ್ಕೆ ಕೈಹಾಕಿದೆ. ಏನೂ ತುಂಬಿಸದ ಟೇಪು ಕಂಪ್ಯೂಟರಿನ ಪರದೆಯ ಮೇಲೆ ದಾರದಂಥ ಗೆರೆಯಾಗಿ ಕಾಣುತ್ತದೆ. ಇಪ್ಪತ್ತಾರನೆಯ ನಿಮಿಷಕ್ಕೆ ಆ ಗೆರೆ ಒಂಚೂರು ದಪ್ಪಗಾಯಿತು. ಅಗ್ಗದ ರೆಕಾರ್ಡರು ಮೇಲೆ ಹಾದುಹೋದ ಟೇಪಿನಲ್ಲಿ, ಎದುರಿಗೆ ಯಾರೂ ಮಾತಾಡದಿದ್ದರೂ, ಹೊಸ ಟೇಪಿಗಿಂತ ‘ಸ್ಸ್’ ಹೆಚ್ಚಿರುತ್ತದೆ. ಅಂದರೆ ಅಲ್ಲಿ ಯಾರೋ ಮತ್ತೆ ಗುಂಡಿ ಒತ್ತಿದ್ದರು. ದನಿ ಹೆಚ್ಚಿಸಿದೆ. ಹಲ್ಲಿನ ಸಂದಿಯ ಉಸಿರು, ಆಮೇಲೆ ಅಪ್ಪ.

“ತಮ್ಮಾ, ಟೇಪು ಇನ್ನಾ ಸ್ವಲ್ಪ ಉಳದೈತಿ, ಅದಕ ಹೇಳಾಕತ್ತೀನಿ. ಆ ಬದಿಗಿ ಅಕ್ಕನ ವಚನ ಐತಲ್ಲ, ಅದರ ಧಾಟಿ ನಂದಲ್ಲ. ನಿಮ್ಮವ್ವಂದು. ಅಕಿ ತವರಮನ್ಯಾಗ ಬೀಸೂಮುಂದ ಹಾಡತಿದ್ದ ಪದದ್ದು. ನಾ ಅದಕ ಭೀಮಪಲಾಸದ ಅಂಗಿ ತೊಡಿಸೇನಿ, ಅಷ್ಟ. ಮಂದಿ ಮಾಸ್ತರ್ರ ಮಧ್ಯಮ ಅಂತಾರ, ನಾನೂ ಹೂಂ ಅಂತ ಕೂತಬಿಟ್ಟೆ. ಇವತ್ತು ಹಾಡೂಮುಂದ ಒಳಗಿಂದ ಅಕಿ ಎತ್ತಿಕೊಡಾಕತ್ತಿದ್ಲು. ನನಗ ಗೊತ್ತಿಲ್ಲ ಅಂತ ತಿಳಕೊಂಡಾಳ. ನೀ ಒಮ್ಮೆ ಅಕಿ ಕಡಿಂದ ಹಾಡಿಸಿ ತುಂಬಿಸ್ಕೊ. ನಾ ಕೇಳಿದ್ರ ಹಾಡಂಗಿಲ್ಲ… ಹಾಲಿನಾಂವ ಬಂದ. ಬಂದ್ ಮಾಡತೀನಿ.”

ಆಮೇಲೆ ಗುಂಡಿಯ ಸದ್ದು, ಮೂರ್ನಾಲ್ಕು ನಿಮಿಷ ಖಾಲಿ, ಟೇಪು ಮುಗಿಯಿತು.

1988ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದೆ. ದೀಪಾವಳಿಗೆ ಬಂದಾಗ ಅಪ್ಪ ಈ ಕ್ಯಾಸೆಟ್ಟನ್ನು ಕೈಗಿತ್ತು “ಪೂರಾ ಕೇಳು” ಎಂದಿದ್ದು ಈಗ ನೆನಪಾಯಿತು. ಪೂರಾ ಎಂದರೆ ಹಾಡು ಪೂರಾ ಎಂದು ಯಾರಾದರೂ ತಿಳಿಯುತ್ತಾರೆ. ನೇರವಾಗಿ ಹೇಳಿಬಿಡುವ ಜಾತಿಯವನಲ್ಲ ಅಪ್ಪ. ಸಾಲೆಯಲ್ಲೂ ಹುಡುಗರ ತಪ್ಪನ್ನು ಹಲಗೆಯ ಮೂಲೆಯಲ್ಲಿ ಸಣ್ಣದಾಗಿ ಬರೆದು ಸುಮ್ಮನಿರುತ್ತಿದ್ದನಂತೆ.

ಅವ್ವನನ್ನು ಕೂರಿಸಿ ಕೇಳಿಸಿದೆ. ಅವಳಿಗೀಗ ಕಿವಿ ಮಂದ, ಹೆಡ್‌ಫೋನು ಹಾಕಬೇಕಾಯಿತು. ಅಪ್ಪನ ಮಾತು ಮುಗಿದ ಮೇಲೆ ಅವಳು ಹೇಳಿದ್ದು ಧಾಟಿಯ ಬಗ್ಗೆಯಲ್ಲ. “ಹಾಲಿನಾಂವ ಅಲ್ಲ, ಅವತ್ತ ಬಂದಿದ್ದು ಗೌಳಿಗೇರ ಮುದುಕಿ. ಹಾಲಿನಾಂವ ಮುಂಜಾನಿ ಬರತಿದ್ದ.” ನಾನು ಬಿಡದೆ ಕೇಳಿದೆ, ಆ ಮಧ್ಯಮದ ಮೇಲೆ ಅಷ್ಟು ಹೊತ್ತು ಯಾಕೆ ನಿಲ್ಲುತ್ತಿದ್ದಿರಿ ಎಂದು. ಅವ್ವನಿಗೆ ಮಧ್ಯಮವೆಂದರೇನೆಂದು ಗೊತ್ತಿಲ್ಲ. ಹಾಡಿ ತೋರಿಸಿದೆ. ನನ್ನ ದನಿಗೆ ಮುಖ ಕಿವುಚಿ, “ಅಲ್ಲಿ ಕಾಳ ಹಾಕೂದು ತಮ್ಮಾ. ಒಂದು ಕೈ ಗೂಟದ ಮ್ಯಾಲ, ಒಂದು ಕೈ ಕಾಳಿಗಿ. ಕಾಳ ಬೀಳೂತನಕ ನಿಲ್ಲಬೇಕು, ಆಮ್ಯಾಲ ಕಲ್ಲು ತಾನ ಎಳಕೊಂಡ ಹೋಗತೈತಿ” ಎಂದಳು.

ಮಾತಿನ ಅರ್ಥ ಮುಗಿದರೂ ಸ್ವರ ಮುಗಿಯದಿರುವುದು, ಷಡ್ಜಕ್ಕೆ ಇಳಿಯದೆ ಅಲ್ಲಿಂದಲೇ ಮುಂದಿನ ಸಾಲು ಏಳುವುದು, ಎಲ್ಲಕ್ಕೂ ಕಾರಣ ಸಿಕ್ಕಿತು. ಷಡ್ಜಕ್ಕೆ ಇಳಿದರೆ ಕಲ್ಲು ನಿಂತಂತೆ. ಬೀಸುವವಳಿಗೆ ಕಲ್ಲು ನಿಲ್ಲುವುದು ಬೇಕಿಲ್ಲ. ಮೂರು ಸಾಲಿನ ತ್ರಿಪದಿಯಲ್ಲಿ ಎರಡನೆಯ ಸಾಲಿನ ತುದಿ ಕಾಳು ಹಾಕಲು ಹದವಾದ ಜಾಗ. ಅಪ್ಪ ಅದನ್ನು ಹಾಗೆಯೇ ಎತ್ತಿ, ಛಂದಸ್ಸೇ ಇಲ್ಲದ ವಚನದ ಎರಡನೆಯ ಸಾಲಿನ ತುದಿಗೆ ಇಟ್ಟಿದ್ದ. ಭೀಮಪಲಾಸದ ಬೇರೆ ಗಾಯಕರು ಯಾಕೆ ಹಾಗೆ ನಿಲ್ಲುವುದಿಲ್ಲ ಎಂಬ ನನ್ನ ಹಳೆಯ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು. ಅವರ ಮನೆಯಲ್ಲಿ ಅದೇ ಕಲ್ಲು ಇರಲಿಲ್ಲ.

ಬೀಸುವ ಕಲ್ಲಿಲ್ಲದೆ ಹಾಡುವುದಿಲ್ಲವೆಂದು ಅವ್ವ ಹಟ ಹಿಡಿದಳು. ಹಿತ್ತಲಲ್ಲಿ ತುಳಸಿಕಟ್ಟೆಗೆ ಆತುಕೊಂಡಿದ್ದ ಕಲ್ಲನ್ನು ತಂಗಿಯೂ ನಾನೂ ಎತ್ತಿ ತಂದೆವು. ಗೂಟ ಕೊಳೆತಿತ್ತು, ಬೇರೆ ಬಡಿಸಿದೆವು. ಒಂದು ಬೊಗಸೆ ಜೋಳ ಹಾಕಿಕೊಂಡು ಅವ್ವ ಮೂರು ಪದ ಹಾಡಿದಳು. ಮೈಕನ್ನು ಕಲ್ಲಿಗೆ ತೀರ ಹತ್ತಿರ ಇಡಬಾರದು, ಗರಗರ ಸದ್ದು ದನಿಯನ್ನು ನುಂಗುತ್ತದೆ. ಅವಳ ಹೆಗಲ ಎತ್ತರಕ್ಕೆ, ಒಂದು ಮೊಳ ದೂರ ಇಟ್ಟೆ. ದನಿ ನಡುಗುತ್ತಿತ್ತು, ಮೇಲಿನ ಸ್ವರಗಳು ಎಟುಕುತ್ತಿರಲಿಲ್ಲ. ಎರಡನೆಯ ಸಾಲಿನ ತುದಿಗೆ ಬಂದಾಗ ಮಾತ್ರ ನಡುಕ ನಿಂತಿತು. ಕೈ ಕಾಳಿಗೆ ಹೋಗಿತ್ತು.

ಫೈಲುಗಳ ಪಟ್ಟಿಯಲ್ಲಿ ಆ ವಚನದ ಎದುರು ಈಗ ‘ಗಾಯನ: ಅಪ್ಪ, ಧಾಟಿ: ಅವ್ವ’ ಎಂದು ಬರೆದಿದ್ದೇನೆ. ಎರಡನ್ನೂ ಒಂದರ ಹಿಂದೊಂದು ಕೇಳಿದ ತಂಗಿ, ಯಾರ ಮಧ್ಯಮ ಹೆಚ್ಚು ಎಂದು ಕೇಳಿದಳು. ಅವ್ವನದೇ.