ನಿಂತ ಅಪ್‌ಡೇಟ್: ಮೊದಲು ಹಂತ ಗುರುತಿಸಿ

ಆಪಲ್ ವಾಚಿನ ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಹೆಚ್ಚಿನವರು ಮೊದಲು ಮಾಡುವುದು ಬಟನ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡುವ ಕೆಲಸ. ಅಪ್‌ಡೇಟ್ ಯಾವ ಹಂತದಲ್ಲಿ ನಿಂತಿದೆ ಎಂದು ನೋಡದೆ ಹಾಗೆ ಮಾಡಬಾರದು. ಡೌನ್‌ಲೋಡ್ ಆಗುತ್ತಿರುವಾಗ ಅಥವಾ ಸಿದ್ಧತೆ ನಡೆಯುತ್ತಿರುವಾಗ ವಾಚಿನ ಹಳೆಯ ಸಾಫ್ಟ್‌ವೇರ್ ಹಾಗೇ ಇರುತ್ತದೆ. ಸಮಯವೂ ಎಂದಿನಂತೆ ಕಾಣುತ್ತದೆ. ಆಪಲ್ ಲೋಗೊದ ಸುತ್ತ ವೃತ್ತ ತುಂಬತೊಡಗಿದ ಮೇಲೆ ಮಾತ್ರ ಹಳೆಯದರ ಜಾಗಕ್ಕೆ ಹೊಸದು ಬರೆಯಲ್ಪಡುತ್ತಿರುತ್ತದೆ. ಆಗ ಕೈಹಾಕಿದರೆ ಅಪಾಯ.

ಮೊದಲ ಹಂತದಲ್ಲಿ ನಿಂತಿದ್ದರೆ ಅಂಜದೆ ಮಧ್ಯೆ ಪ್ರವೇಶಿಸಬಹುದು. ಆರಂಭದಲ್ಲಿ ಹಲವು ಗಂಟೆ ಬಾಕಿ ಎಂದು ತೋರಿಸುವುದು ಮಾಮೂಲು, ಆ ಅಂದಾಜು ತಾನೇ ಇಳಿಯುತ್ತದೆ. ಇಳಿಯದಿದ್ದರೆ ವಾಚು ಚಾರ್ಜರ್ ಮೇಲಿದೆಯೇ, ಚಾರ್ಜ್ ಕನಿಷ್ಠ ಶೇಕಡಾ 50 ಇದೆಯೇ, ಐಫೋನ್ ಹತ್ತಿರದಲ್ಲೇ ಇದ್ದು ವೈಫೈಗೆ ಸೇರಿದೆಯೇ ನೋಡಿ. ನಂತರ ಎರಡನ್ನೂ ರೀಸ್ಟಾರ್ಟ್ ಮಾಡಿ. ಆಗಲೂ ಕದಲದಿದ್ದರೆ ಫೋನಿನ Watch ಆ್ಯಪ್‌ನಲ್ಲಿ General, ಅದರೊಳಗೆ Storage ತೆರೆದು, Software Update ಫೈಲನ್ನು ಅಳಿಸಿ ಹೊಸದಾಗಿ ಇಳಿಸಿಕೊಳ್ಳಿ. ಕೆಟ್ಟಿರುವುದು ಆ ಫೈಲೇ ಇರಬಹುದು.

ಲೋಗೊ, ವೃತ್ತ ಕಾಣುತ್ತಿದ್ದರೆ ವಾಚನ್ನು ಚಾರ್ಜರ್ ಮೇಲೆಯೇ ಬಿಡಬೇಕು. ಎಷ್ಟು ಹೊತ್ತು ಅಂತ ಕಾಯುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ರಾತ್ರಿಯಿಡೀ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಬೆಳಿಗ್ಗೆಯೂ ವೃತ್ತ ಅಲ್ಲೇ ಇದ್ದರೆ ಮಾತ್ರ ಪಕ್ಕದ ಬಟನ್ ಮತ್ತು ಡಿಜಿಟಲ್ ಕ್ರೌನ್ ಎರಡನ್ನೂ ಕನಿಷ್ಠ 10 ಸೆಕೆಂಡು ಒತ್ತಿ ಹಿಡಿಯುವ ಕೊನೆಯ ಪ್ರಯತ್ನ ಸರಿ. ಫೋನನ್ನು ಹತ್ತಿರ ತರುವ ಚಿತ್ರ ವಾಚಿನಲ್ಲಿ ಮೂಡಿದರೆ, ಅನ್‌ಲಾಕ್ ಆದ ಐಫೋನನ್ನು ವೈಫೈ ಮತ್ತು ಬ್ಲೂಟೂತ್ ಆನ್ ಮಾಡಿ ಪಕ್ಕದಲ್ಲಿಟ್ಟು, ವಾಚಿನ ಪಕ್ಕದ ಬಟನ್ ಎರಡು ಬಾರಿ ಒತ್ತಿ. ಐಒಎಸ್ 15.4 ಮತ್ತು ವಾಚ್‌ಒಎಸ್ 8.5ರಿಂದ ಹೀಗೆ ಮನೆಯಲ್ಲೇ ರಿಸ್ಟೋರ್ ಮಾಡಲು ಸಾಧ್ಯವಾಗಿದೆ. ಅದಕ್ಕೂ ಬಗ್ಗದಿದ್ದರೆ ಸರ್ವಿಸ್ ಸೆಂಟರೇ ಗತಿ.

ಇಷ್ಟೆಲ್ಲ ಇದ್ದರೆ ಅಪ್‌ಡೇಟೇ ಬೇಡ ಎನ್ನುವವರಿದ್ದಾರೆ. ಅವರ ಭಯಕ್ಕೆ ಆಧಾರವಿದೆ: 2018ರ ಅಕ್ಟೋಬರ್ ಕೊನೆಯಲ್ಲಿ ಬಂದ ವಾಚ್‌ಒಎಸ್ 5.1 ಕೆಲವು ವಾಚುಗಳನ್ನು ಆಪಲ್ ಲೋಗೊದಲ್ಲೇ ಸಿಲುಕಿಸಿತು. ಕಂಪನಿ ಅದನ್ನು ಹಿಂತೆಗೆದುಕೊಂಡು ಕೆಲವೇ ದಿನಗಳಲ್ಲಿ 5.1.1 ಬಿಟ್ಟಿತು. ಆದರೆ ಈ ಘಟನೆಯಿಂದ ಸಾಬೀತಾಗುವುದು ಬಂದ ದಿನವೇ ಹಾಕಿಕೊಳ್ಳಬೇಡಿ ಎಂಬುದಷ್ಟೇ. ಭದ್ರತೆಯ ದೋಷಗಳನ್ನು ಮುಚ್ಚುವ ತಿದ್ದುಪಡಿಗಳೂ ಇದೇ ದಾರಿಯಲ್ಲಿ ಬರುವುದರಿಂದ ತಿಂಗಳುಗಟ್ಟಲೆ ಮುಂದೂಡುವುದು ಸರಿಯಲ್ಲ. ದೊಡ್ಡ ಆವೃತ್ತಿಗೆ ಒಂದು ವಾರ ಕಾಯಿರಿ. ಏಕೆಂದರೆ ಹಾಕಿಕೊಂಡ ಮೇಲೆ ಹಳೆಯ ವಾಚ್‌ಒಎಸ್‌ಗೆ ನೀವೇ ಹಿಂದಿರುಗಲು ಆಪಲ್ ದಾರಿ ಕೊಟ್ಟಿಲ್ಲ.