ನಾಲ್ಕೈದು ಪುಟಗಳಲ್ಲಿ ಸ್ಟೀರಾಯ್ಡ್: ಬಾರ್ಟನ್ ಅವರ 1950ರ ಲೇಖನವನ್ನು ಮತ್ತೆ ಓದಿದಾಗ

ಡೆರೆಕ್ ಬಾರ್ಟನ್ 1950ರಲ್ಲಿ ‘ಎಕ್ಸ್‌ಪೀರಿಯೆನ್ಷಿಯಾ’ ಪತ್ರಿಕೆಯಲ್ಲಿ ಸ್ಟೀರಾಯ್ಡ್‌ಗಳ ಭಂಗಿಯ ಬಗ್ಗೆ ಬರೆದ ಲೇಖನ ನಾಲ್ಕೈದು ಪುಟಗಳಷ್ಟೇ ಇದೆ. ಅದರಲ್ಲಿ ಹೊಸ ಪ್ರಯೋಗವಿಲ್ಲ, ಹೊಸ ಸಂಯುಕ್ತವಿಲ್ಲ. ಆಗ ಅವರು ಹಾರ್ವರ್ಡ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಪಾಠ ಹೇಳಲು ಬಂದಿದ್ದರು. ಸ್ಟೀರಾಯ್ಡ್ ರಸಾಯನದ ದೊಡ್ಡ ಹೆಸರು ಲೂಯಿ ಫೀಸರ್ ಅಲ್ಲೇ ಇದ್ದರು. ಯಾವ ಜಾಗದ ಹೈಡ್ರಾಕ್ಸಿಲ್ ಬೇಗ ವರ್ತಿಸುತ್ತದೆ, ಯಾವುದು ತಡ ಮಾಡುತ್ತದೆ ಎಂಬ ಮಾಹಿತಿ ರಾಶಿರಾಶಿಯಾಗಿ ಬಿದ್ದಿತ್ತು, ಕಾರಣ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಬಾರ್ಟನ್ ಮಾಡಿದ್ದು ಆ ರಾಶಿಯನ್ನು ಮೂರು ಆಯಾಮದಲ್ಲಿ ಓದುವ ಕೆಲಸ. 1969ರಲ್ಲಿ ನಾರ್ವೆಯ ಓಡ್ ಹಾಸೆಲ್ ಜೊತೆ ಅವರಿಗೆ ಬಂದ ನೊಬೆಲ್‌ಗೆ ಮುಖ್ಯ ಆಧಾರ ಇದೇ ಲೇಖನ.

ಲೇಖನದ ಶಕ್ತಿ ಎಲ್ಲಿದೆ ಎಂದು ನೋಡಬೇಕಾದರೆ ಡೆಕಾಲಿನ್‌ನಿಂದ ಹೊರಡಬೇಕು. ಆರು ಇಂಗಾಲದ ಎರಡು ಉಂಗುರಗಳು ಒಂದು ಬದಿಯನ್ನು ಹಂಚಿಕೊಂಡರೆ ಡೆಕಾಲಿನ್. ಕೂಡುವ ಜಾಗದ ಎರಡು ಹೈಡ್ರೋಜನ್‌ಗಳು ಒಂದೇ ಮುಖದಲ್ಲಿದ್ದರೆ ಸಿಸ್, ಎದುರುಬದುರಾಗಿದ್ದರೆ ಟ್ರಾನ್ಸ್. 1925ರಲ್ಲಿ ಹ್ಯೂಕೆಲ್ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಸಿಸ್ 196 ಡಿಗ್ರಿಯ ಹತ್ತಿರ ಕುದಿಯುತ್ತದೆ, ಟ್ರಾನ್ಸ್ 187ರ ಹತ್ತಿರ. ಎರಡು ದಶಕದ ನಂತರ ಹಾಸೆಲ್ ಮತ್ತು ಬಾಸ್ಟಿಯಾನ್ಸನ್ ಎಲೆಕ್ಟ್ರಾನ್ ವಿವರ್ತನೆಯಿಂದ ಎರಡೂ ರೂಪಗಳಲ್ಲಿ ಕುರ್ಚಿ ಭಂಗಿಯ ಉಂಗುರಗಳೇ ಇವೆ ಎಂದು ಕಂಡುಕೊಂಡರು. ಅದಕ್ಕೆ ಮೊದಲು ಸಿಸ್ ಎಂದರೆ ಎರಡು ದೋಣಿ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಕುರ್ಚಿಯ ಪ್ರತಿ ಇಂಗಾಲದಿಂದ ಒಂದು ಬಂಧ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ, ಇನ್ನೊಂದು ಪಕ್ಕಕ್ಕೆ ಚಾಚುತ್ತದೆ. ಮೊದಲನೆಯದು ಆಕ್ಸಿಯಲ್, ಎರಡನೆಯದು ಎಕ್ವಟೋರಿಯಲ್. ಒಂಟಿ ಸೈಕ್ಲೋಹೆಕ್ಸೇನ್ ಕೋಣೆಯ ಉಷ್ಣತೆಯಲ್ಲಿ ಸದಾ ಮಗುಚುತ್ತಿರುತ್ತದೆ. ಮಗುಚಿದಾಗಲೆಲ್ಲ ಆಕ್ಸಿಯಲ್ ಇದ್ದದ್ದು ಎಕ್ವಟೋರಿಯಲ್ ಆಗುತ್ತದೆ. ಟ್ರಾನ್ಸ್ ಡೆಕಾಲಿನ್‌ನಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಎರಡನೆಯ ಉಂಗುರ ಮೊದಲನೆಯದಕ್ಕೆ ಎರಡು ಎಕ್ವಟೋರಿಯಲ್ ಬಂಧಗಳಿಂದ ಅಂಟಿಕೊಂಡಿದೆ. ಮಗುಚಿದರೆ ಅವೆರಡೂ ಆಕ್ಸಿಯಲ್ ಆಗಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋಗಬೇಕು. ಅಷ್ಟು ದೂರವನ್ನು ಉಳಿದ ನಾಲ್ಕು ಇಂಗಾಲಗಳ ಸರಪಳಿ ಮುಟ್ಟಲಾರದು. ಸಿಸ್‌ನಲ್ಲಿ ಒಂದು ಬಂಧ ಆಕ್ಸಿಯಲ್, ಒಂದು ಎಕ್ವಟೋರಿಯಲ್. ಮಗುಚಿದರೆ ಅವು ಪಾತ್ರ ಬದಲಿಸಿಕೊಳ್ಳುತ್ತವೆ ಅಷ್ಟೇ, ಎರಡು ಉಂಗುರಗಳೂ ಒಟ್ಟಿಗೆ ಮಗುಚುತ್ತವೆ. ಈ ಅನುಕೂಲಕ್ಕೆ ಬೆಲೆಯೂ ಇದೆ: ಸಿಸ್‌ನಲ್ಲಿ ಇಂಗಾಲಗಳು ಮೂರು ಕಡೆ ಹೆಚ್ಚಾಗಿ ಒತ್ತಿಕೊಳ್ಳುತ್ತವೆ, ಒಂದೊಂದಕ್ಕೆ ಸುಮಾರು 0.9 ಕಿಲೋಕ್ಯಾಲೊರಿ. ಟ್ರಾನ್ಸ್‌ಗಿಂತ ಸಿಸ್ ಸುಮಾರು 2.7 ಕಿಲೋಕ್ಯಾಲೊರಿಯಷ್ಟು ಅಸ್ಥಿರವಾಗಿರುವುದಕ್ಕೆ ಕಾರಣ ಇಷ್ಟೇ.

ಸ್ಟೀರಾಯ್ಡ್‌ನಲ್ಲಿ ಎ, ಬಿ, ಸಿ ಎಂಬ ಮೂರು ಆರರ ಉಂಗುರಗಳೂ ಡಿ ಎಂಬ ಒಂದು ಐದರ ಉಂಗುರವೂ ಹೀಗೆ ಕೂಡಿವೆ. ಕೊಲೆಸ್ಟನಾಲ್‌ನಲ್ಲಿ ಎಲ್ಲ ಕೂಡುಗಳೂ ಟ್ರಾನ್ಸ್, ಹಾಗಾಗಿ ಇಡೀ ಅಣು ಒಂದೇ ಭಂಗಿಯಲ್ಲಿ ನಿಲ್ಲುತ್ತದೆ. ಬಾರ್ಟನ್ ಹಿಡಿದದ್ದು ಈ ಎಳೆಯನ್ನು. ಅಣು ಮಗುಚುವುದಿಲ್ಲವಾದರೆ ಪ್ರತಿ ಗುಂಪೂ ಶಾಶ್ವತವಾಗಿ ಆಕ್ಸಿಯಲ್ ಅಥವಾ ಎಕ್ವಟೋರಿಯಲ್. ಆಗ ಅದರ ನಡವಳಿಕೆಯನ್ನು ಜಾಗಕ್ಕೇ ಕಟ್ಟಿಹಾಕಬಹುದು. ಎಕ್ವಟೋರಿಯಲ್ ಹೈಡ್ರಾಕ್ಸಿಲ್ ಸಲೀಸಾಗಿ ಎಸ್ಟರ್ ಆಗುತ್ತದೆ, ಅದರ ಎಸ್ಟರ್ ಸಲೀಸಾಗಿ ಒಡೆಯುತ್ತದೆ. ಆಕ್ಸಿಯಲ್ ಆದದ್ದು ಅದೇ ಬದಿಯ ಆಕ್ಸಿಯಲ್ ಹೈಡ್ರೋಜನ್, ಮೀಥೈಲ್‌ಗಳ ನಡುವೆ ಸಿಕ್ಕಿಕೊಂಡಿರುವುದರಿಂದ ತಡ ಮಾಡುತ್ತದೆ. ಆದರೆ ಕ್ರೋಮಿಕ್ ಆಮ್ಲದ ಉತ್ಕರ್ಷಣೆಯಲ್ಲಿ ಇದು ತಿರುಗುಮುರುಗು, ಆಕ್ಸಿಯಲ್ ಮುಂದೆ.

ನಿಯಮವನ್ನು ಪರೀಕ್ಷಿಸಲು ನಮ್ಮ ಪಿತ್ತರಸದಲ್ಲೇ ಇರುವ ಕೋಲಿಕ್ ಆಮ್ಲಕ್ಕಿಂತ ಒಳ್ಳೆಯದು ಬೇಕಿಲ್ಲ. ಅದರಲ್ಲಿ 3, 7, 12ನೆಯ ಇಂಗಾಲಗಳ ಮೇಲೆ ಮೂರು ಹೈಡ್ರಾಕ್ಸಿಲ್‌ಗಳಿವೆ, ಮೂರೂ ಒಂದೇ ಆಲ್ಫಾ ಮುಖದಲ್ಲಿ. ಚಪ್ಪಟೆ ಚಿತ್ರದಲ್ಲಿ ಮೂರಕ್ಕೂ ಒಂದೇ ಬಗೆಯ ಚುಕ್ಕೆಗೆರೆ, ಭೇದವೇ ಕಾಣದು. ಕುರ್ಚಿಯಲ್ಲಿ ಬರೆದ ಕೂಡಲೇ 3ನೆಯದು ಎಕ್ವಟೋರಿಯಲ್, 7 ಮತ್ತು 12ನೆಯವು ಆಕ್ಸಿಯಲ್ ಎಂದು ಕಣ್ಣಿಗೆ ಬೀಳುತ್ತದೆ. ಪ್ರಯೋಗಶಾಲೆಯಲ್ಲಿ ಆಗುವುದೂ ಹಾಗೆಯೇ: ಎಸ್ಟರ್ ಮಾಡಹೊರಟರೆ ಮೊದಲು ಸಿಗುವುದು 3ನೆಯದು, ಎನ್-ಬ್ರೋಮೋಸಕ್ಸಿನಿಮೈಡ್‌ನಿಂದ ಉತ್ಕರ್ಷಿಸಿದರೆ ಮೊದಲು ಕೀಟೋನ್ ಆಗುವುದು 7ನೆಯದು. ಒಂದೇ ಮುಖದ ಮೂರು ಗುಂಪುಗಳಲ್ಲಿ ಬೇಕಾದದ್ದನ್ನು ಆರಿಸಿ ಮುಟ್ಟಬಹುದು ಎಂಬುದು ಔಷಧ ತಯಾರಿಸುವವರಿಗೆ ಸಣ್ಣ ಮಾತಲ್ಲ.

ನನ್ನ ಮೊದಲ ಆಕ್ಷೇಪಕ್ಕೂ ಇದೇ ಆಮ್ಲ ದಾರಿ ಮಾಡಿಕೊಡುತ್ತದೆ. ಅದು ಬಾರ್ಟನ್ ಮೇಲಿನದಲ್ಲ, ಅವರ ಲೇಖನವನ್ನು ಪಾಠವಾಗಿ ಇಳಿಸಿದ ನಮ್ಮ ಪದ್ಧತಿಯ ಮೇಲಿನದು. ‘ಟ್ರಾನ್ಸ್ ಬಿಗಿ, ಸಿಸ್ ಸಡಿಲ’ ಎಂದು ತರಗತಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಕೋಲಿಕ್ ಆಮ್ಲದಲ್ಲಿ ಎ ಮತ್ತು ಬಿ ಉಂಗುರಗಳ ಕೂಡು ಸಿಸ್. ಹಾಗಿದ್ದರೆ ಅದು ಸಿಸ್ ಡೆಕಾಲಿನ್‌ನಂತೆ ಮಗುಚಬೇಕಲ್ಲ ಎಂದು ವಿದ್ಯಾರ್ಥಿ ಬರೆದರೆ ತಪ್ಪು ಅವನದಲ್ಲ. ಮಗುಚಬೇಕಾದರೆ ಎ, ಬಿ ಎರಡೂ ಒಟ್ಟಿಗೆ ಮಗುಚಬೇಕು. ಬಿ ಉಂಗುರ ಇನ್ನೊಂದು ಬದಿಯಲ್ಲಿ ಸಿ ಜೊತೆ ಟ್ರಾನ್ಸ್ ಆಗಿ ಕೂಡಿದೆ, ಅದು ಅಲುಗದು. ಹೀಗಾಗಿ ಸಿಸ್ ಕೂಡಿನ ಸ್ಟೀರಾಯ್ಡ್ ಸಡಿಲವಲ್ಲ, ಬಾಗಿದ ಭಂಗಿಯಲ್ಲೇ ಬಿಗಿಯಾಗಿ ನಿಂತ ಅಣು. ಮೂರು ಹೈಡ್ರಾಕ್ಸಿಲ್‌ಗಳು ಒಳಬಾಗಿದ ಮುಖದಲ್ಲಿ, ಜಿಡ್ಡಿಗೆ ಒಗ್ಗುವ ಮೀಥೈಲ್‌ಗಳು ಹೊರಮುಖದಲ್ಲಿ ಇರುವ ಈ ಬಾಗೇ ಪಿತ್ತಾಮ್ಲಗಳಿಗೆ ಕೊಬ್ಬನ್ನು ಕರಗಿಸುವ ಗುಣ ಕೊಡುತ್ತದೆ.

ಎರಡನೆಯ ಆಕ್ಷೇಪ ಲೇಖನಕ್ಕೇ ಸೇರಿದ್ದು. ಆಕ್ಸಿಯಲ್ ಹೈಡ್ರಾಕ್ಸಿಲ್ ಬೇಗ ಉತ್ಕರ್ಷಣೆಗೊಳ್ಳುತ್ತದೆ ಎಂಬ ನಿಯಮ ನಿಂತಿತು, ಆದರೆ ಇಕ್ಕಟ್ಟಿನಲ್ಲಿದ್ದ ಗುಂಪು ಕೀಟೋನ್ ಆಗುವಾಗ ಒತ್ತಡದಿಂದ ಬಿಡುಗಡೆ ಪಡೆಯುತ್ತದೆ ಎಂಬ ತೃಪ್ತಿಕರ ವಿವರಣೆ 1955ರಲ್ಲಿ ಶ್ರೈಬರ್ ಮತ್ತು ಎಷೆನ್‌ಮೋಸರ್ ಅವರಿಂದ ಬರಬೇಕಾಯಿತು. ಬಿಗಿತವನ್ನು ಪೂರ್ಣವೆಂದು ಹಿಡಿದದ್ದೂ ಹೆಚ್ಚಾಯಿತು. ಇದನ್ನು ತೋರಿಸಿಕೊಟ್ಟವರು ಬಾರ್ಟನ್ನರೇ. ಲ್ಯಾನೋಸ್ಟೆರಾಲ್ ಬಳಗದ 3-ಕೀಟೋನ್‌ಗಳನ್ನು ಬೆಂಜಾಲ್ಡಿಹೈಡ್ ಜೊತೆ ವರ್ತಿಸಿ ವೇಗ ಅಳೆದಾಗ, ದೂರದ ಬಿ, ಸಿ ಉಂಗುರಗಳಲ್ಲಿ ದ್ವಿಬಂಧ ಎಲ್ಲಿದೆ ಎಂಬುದರ ಮೇಲೆ ಎ ಉಂಗುರದ ವೇಗ ಬದಲಾಯಿತು. ಒಂದು ಮೂಲೆಯಲ್ಲಿ ಕೋನ ಬದಲಾದರೆ ಆ ತಿರುಚು ಉಂಗುರದಿಂದ ಉಂಗುರಕ್ಕೆ ಸಾಗಿ ಇನ್ನೊಂದು ಮೂಲೆ ತಲುಪುತ್ತದೆ. ಟ್ರಾನ್ಸ್ ಕೂಡು ಮಗುಚುವುದನ್ನು ತಡೆಯುತ್ತದೆ, ತಿರುಚುವುದನ್ನಲ್ಲ.

ಇಷ್ಟಾದರೂ ಆ ಲೇಖನ ನನಗೆ ಪಠ್ಯಪುಸ್ತಕದ ಅಧ್ಯಾಯಗಳಿಗಿಂತ ಮೇಲೆನಿಸುತ್ತದೆ. ಅಧ್ಯಾಯಗಳು ನಿಯಮ ಕೊಟ್ಟು ಉದಾಹರಣೆ ಹುಡುಕುತ್ತವೆ. ಬಾರ್ಟನ್ ಬಿಡಿಬಿಡಿಯಾಗಿದ್ದ ಮಾಹಿತಿಯಿಂದ ಹೊರಟು ನಿಯಮಕ್ಕೆ ಬರುತ್ತಾರೆ, ಓದುಗನೂ ಜೊತೆಗೆ ನಡೆಯಬಹುದು. ಎಂಎಸ್ಸಿ ತರಗತಿಗಳಲ್ಲಿ ಪಾಠ ಮಾಡುವವರಲ್ಲಿ ನನ್ನದೊಂದು ಕೋರಿಕೆ: ಸ್ಟೀರಾಯ್ಡ್ ಪಾಠ ಆರಂಭಿಸುವ ಮುನ್ನ ಈ ಲೇಖನದ ಪ್ರತಿಯನ್ನು ವಿದ್ಯಾರ್ಥಿಗಳಿಗೆ ಹಂಚಿ, ಒಂದು ಟ್ರಾನ್ಸ್ ಡೆಕಾಲಿನ್ ಮಾದರಿಯನ್ನು ಕೈಗೆ ಕೊಟ್ಟು ಮಗುಚಲು ಹೇಳಿ.